ಮಂಗಳವಾರದ ಚೌಕ

ಸಿನಿಮಾ ಎಂದರೆ ಕ್ಯಾಮೆರಾ, ಲೈಟು, ಹೀರೋ ಎಂದು ನಮ್ಮ ಓಣಿಯವರು ತಿಳಿದಿದ್ದರು. ನನ್ನ ಪಾಲಿಗೆ ಮಾತ್ರ ಅದು ಕತ್ತರಿ, ಗುಂಡುಪಿನ್ನು ಮತ್ತು ಬಣ್ಣದ ಕಾಗದ. ನಿರ್ದೇಶಕರ ಸಹಾಯಕಿಯಾಗಿ ನನ್ನ ಕೆಲಸವೇ ಅದು. ಒಂದೊಂದು ಸೀನಿಗೆ ಒಂದೊಂದು ಪಟ್ಟಿ ಕತ್ತರಿಸಬೇಕು. ಮನೆಯೊಳಗಿನ ಹಗಲಿಗೆ ಬಿಳಿ, ಬಯಲಿನ ಹಗಲಿಗೆ ಹಳದಿ, ಒಳಗಿನ ರಾತ್ರಿಗೆ ನೀಲಿ, ಹೊರಗಿನ ರಾತ್ರಿಗೆ ಹಸಿರು. ಪಟ್ಟಿಯ ಮೇಲೆ ಸೀನಿನ ನಂಬರು, ಜಾಗ, ಎಷ್ಟು ಪುಟ, ಅದರಲ್ಲಿರುವ ನಟರ ನಂಬರುಗಳು. ಕತೆಯಲ್ಲಿ ಹೇಗೆ ಬರುತ್ತದೋ ಹಾಗಲ್ಲ, ಒಂದು ಜಾಗದ್ದೆಲ್ಲ ಒಟ್ಟಿಗೆ ಬರುವಂತೆ ಅವನ್ನು ಬೋರ್ಡಿಗೆ ಚುಚ್ಚಬೇಕು. ದಿನ ಮುಗಿದಲ್ಲಿ ಒಂದು ಕಪ್ಪು ಪಟ್ಟಿ. ಲ್ಯಾಪ್‌ಟಾಪಿನಲ್ಲಿ ಇದನ್ನೆಲ್ಲ ಮಾಡುವ ಸಾಫ್ಟ್‌ವೇರ್ ಇದೆ, ನನಗೂ ಬರುತ್ತದೆ. ಆದರೆ ನಮ್ಮ ನಿರ್ದೇಶಕರಿಗೆ ಗೋಡೆಯ ಮೇಲೆ ಕಂಡರೇ ಸಮಾಧಾನ. ಹಾಗಾಗಿ ಬಳ್ಳಾರಿಯ ಲಾಡ್ಜಿನ ರೂಮಿನಲ್ಲಿ ಒಂದು ಥರ್ಮೊಕೋಲ್ ಬೋರ್ಡು ನಿಂತಿತು.

ಅದರ ಪಕ್ಕದಲ್ಲೇ ಇನ್ನೊಂದು ಚಾರ್ಟು. ಎಡಕ್ಕೆ ನಟರು, ಮೇಲೆ ತಾರೀಖು ಮತ್ತು ವಾರ. ಯಾವ ನಟರಿಗೆ ಯಾವ ದಿನ ಕೆಲಸ ಎಂದು ಒಂದೊಂದು ಚೌಕದಲ್ಲಿ ತುಂಬುತ್ತಾ ಹೋಗಬೇಕು. ಕೆಲಸವಿದ್ದರೆ ‘ಕೆ’. ಎರಡು ಕೆಲಸದ ನಡುವೆ ಸುಮ್ಮನೆ ಕಾಯಿಸಿದ್ದರೆ ‘ಹೋ’, ಅಂದರೆ ಹೋಲ್ಡ್: ಅವತ್ತು ಕೆಲಸವಿಲ್ಲ, ಆದರೆ ಆ ನಟರು ನಮ್ಮವರೇ, ಕರೆದರೆ ಬರಬೇಕು. ಸಿಗುವುದೇ ಇಲ್ಲ ಎಂದಾದರೆ ಕೆಂಪು ಅಡ್ಡಗೆರೆ. ಇಷ್ಟೇ. ಈ ಮೂರರಲ್ಲಿ ಒಂದನ್ನು ನಾನು ಬೇಕೆಂದೇ ತಪ್ಪು ಬರೆದೆ.

ಸಿನಿಮಾದಲ್ಲಿ ಒಬ್ಬ ಮುದುಕ ಅಪ್ಪ, ಒಬ್ಬಳು ಮಗಳು. ಮಗಳಾಗಿ ಬೆಂಗಳೂರಿನ ನಟಿ. ಬುಧವಾರದಿಂದ ನಮ್ಮ ಶೂಟಿಂಗು, ಮುಂದಿನ ಮಂಗಳವಾರ ಸಂಜೆಗೆ ಅವಳನ್ನು ಬಿಟ್ಟುಕೊಡಲೇಬೇಕು, ಮರುದಿನ ಬೇರೆ ಚಿತ್ರದ ಸೆಟ್ಟಿನಲ್ಲಿರಬೇಕಿತ್ತು. ಅಪ್ಪನ ಪಾತ್ರಕ್ಕೆ ನಾನೇ ಹಟ ಹಿಡಿದು ಕೌಲ್ ಬಜಾರಿನ ಹಳೆಯ ಕಂಪನಿ ನಾಟಕದ ನಟರೊಬ್ಬರನ್ನು ಒಪ್ಪಿಸಿದ್ದೆ. ನಾವೆಲ್ಲ ಅವರನ್ನು ತಾತ ಎನ್ನುತ್ತಿದ್ದೆವು. ದಿನಗಳನ್ನು ಬರೆದುಕೊಳ್ಳಲು ಅವರ ಮನೆಗೆ ಹೋದಾಗ ಅವರು ಎಡಗೈಯ ತೋಳು ಮೇಲೆತ್ತಿ ತೋರಿಸಿದರು. ಮೊಣಕೈ ಹತ್ತಿರ ನರ ಹಗ್ಗದಂತೆ ಉಬ್ಬಿತ್ತು.

“ಮಂಗಳವಾರ, ಶುಕ್ರವಾರ ನಂದು ಡಯಾಲಿಸಿಸ್ ಪಾಳಿ ತಾಯಿ. ನಾಕು ತಾಸು ಆಗತೈತಿ, ಆಮ್ಯಾಲೆ ಮೈಯಾಗ ಜೀವ ಇರಂಗಿಲ್ಲ. ಉಳಿದ ದಿನ ನೀ ಹೇಳಿದಂಗ ಕುಣಿತೀನಿ. ಆದ್ರ ಇದು ಡೈರೆಕ್ಟರ್ ಕಿವಿಗೆ ಬಿತ್ತಂದ್ರ ನನ್ನ ಕೈಬಿಡ್ತಾರ.”

“ಯಾಕ್ ಬಿಡ್ತಾರ ತಾತಾ?” ಎಂದೆ. ಬಿಡುತ್ತಾರೆಂದು ನನಗೂ ಗೊತ್ತಿತ್ತು. ಬೆಂಗಳೂರಿನ ಪರಿಚಿತ ಮುಖವೊಂದನ್ನು ಹಾಕಿಕೊಳ್ಳೋಣವೆಂದು ನಿರ್ದೇಶಕರು ಆಗಲೇ ಎರಡು ಸಲ ಹೇಳಿದ್ದರು.

“ಐವತ್ತು ವರ್ಷ ಬಣ್ಣ ಹಚ್ಚೀನಿ. ರಾಜ ಆಗೀನಿ, ರಾಕ್ಷಸ ಆಗೀನಿ. ಒಂದು ದಿನ ಮಣ್ಣಾಗ ನಿಂತು ಪಾರ್ಟು ಮಾಡಿಲ್ಲ. ನಮ್ಮಪ್ಪ ಇನ್ನೊಬ್ಬರ ಹೊಲದಾಗ ರಂಟಿ ಹೊಡದಾವ. ಆ ರಂಟಿ ಸೀನು ಐತೆಲ್ಲ, ಅದಕ್ಕಂತ ಒಪ್ಪೀನಿ ನಾ.”

ರಂಟೆ ಎಂದರೆ ನೇಗಿಲು; ಅಪ್ಪ ಎತ್ತು ಹೂಡಿ ಅದನ್ನು ಹಿಡಿಯುವ ಸೀನು ಅದು. ಯಾರಿಗೂ ಹೇಳುವುದಿಲ್ಲವೆಂದು ನಾನು ಮಾತು ಕೊಟ್ಟೆ. ಕೆಂಪು ಗೆರೆ ಎಳೆದರೆ ಯಾಕೆಂದು ಕೇಳುತ್ತಾರೆ. ಅದಕ್ಕೆ ಅವರ ಸೀನುಗಳನ್ನೆಲ್ಲ ಬೇರೆ ದಿನಗಳಿಗೆ ಜೋಡಿಸಿ, ಶುಕ್ರವಾರ, ಮಂಗಳವಾರದ ಚೌಕಗಳಲ್ಲಿ ‘ಹೋ’ ಎಂದು ಬರೆದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬರೆದು ಹಿಂದೆ ಸರಿದು ನೋಡಿದರೆ ಯಾರಿಗೂ ಅನುಮಾನ ಬಾರದಷ್ಟು ಚೊಕ್ಕವಾಗಿತ್ತು.

ಬುಧವಾರ ಶೂಟಿಂಗ್ ಶುರುವಾಯಿತು. ಅವತ್ತಿನಿಂದ ಉಳಿದ ಪಟ್ಟಿ ಎಣಿಸುವುದೇ ನನ್ನ ಕೆಲಸವಾಯಿತು. ಮೋಡ ಕವಿದರೆ ಭಯ, ಕರೆಂಟು ಹೋದರೆ ಭಯ. ಒಂದು ಸೀನು ಉಳಿದರೆ ಅದು ಮರುದಿನಕ್ಕೆ, ಮರುದಿನದ್ದು ಅದರ ಮರುದಿನಕ್ಕೆ ಜಾರುತ್ತದೆ. ಜಾರುತ್ತಾ ಜಾರುತ್ತಾ ತಾತನ ಪಾಳಿಯ ಮೇಲೆ ಬೀಳುತ್ತದೆ. ಗುರುವಾರ ಸಂಜೆ ಕೌಲ್ ಬಜಾರಿನಲ್ಲಿ ಶೂಟಿಂಗಿಗೆ ಹಿಡಿದ ಮನೆಯೊಳಗೆ ಕೊನೆಯ ಬಿಳಿ ಪಟ್ಟಿ ಇನ್ನೂ ಬಾಕಿಯಿದ್ದಾಗ, ಮೇಕಪ್ ಮಾಡುವವಳ ಮೇಲೆ ಸುಮ್ಮಸುಮ್ಮನೆ ರೇಗಿದೆ. “ನಿನಗ ಏನ್ ಹಿಡದೈತಿ ಅಕ್ಕಾ?” ಎಂದಳು ಅವಳು. ಹೇಗೋ ಮುಗಿಯಿತು. ಶುಕ್ರವಾರ ತಾತನಿಲ್ಲದ ಸೀನುಗಳು, ಅದೂ ದಾಟಿತು. ಶನಿವಾರ, ಭಾನುವಾರ ಮತ್ತೆ ತಾತ. ಏನು ನಟನೆ ಅಂತೀರಿ! ನಿರ್ದೇಶಕರೇ ಮಾನಿಟರ್ ಬಿಟ್ಟು ಎದ್ದು ಹೋಗಿ ಕೈ ಕುಲುಕಿದರು. ಇನ್ನು ಉಳಿದಿದ್ದದ್ದು ಎರಡೇ ದಿನದ ಗಂಡಾಂತರ: ಸೋಮವಾರ ಕುರುಗೋಡಿನ ಹೊಲದಲ್ಲಿ ಅಪ್ಪ-ಮಗಳ ರಂಟಿ ಸೀನು, ಮಂಗಳವಾರ ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಮಗಳೊಬ್ಬಳದೇ ಸೀನು.

ಭಾನುವಾರ ಮಧ್ಯಾಹ್ನ ತಾತನನ್ನು ಮನೆಗೆ ಕಳಿಸಿ, ನಿರ್ದೇಶಕರೂ ನಾನೂ ಹೊಲ ನೋಡಲು ಕುರುಗೋಡಿಗೆ ಹೋದೆವು. ಈಗ ಎಲ್ಲ ಕಡೆ ಟ್ರ್ಯಾಕ್ಟರು, ಹೂಡುವ ಎತ್ತು ಸಿಗುವುದೇ ಅಪರೂಪ. ಈ ಬಿಳಿ ಜೋಡಿಯನ್ನು ಹುಡುಕಲು ನಾನು ಎಷ್ಟು ಹಳ್ಳಿ ತಿರುಗಿದ್ದೆನೋ. ಎತ್ತಿನ ಯಜಮಾನರು ನಮ್ಮನ್ನು ಕಂಡು, “ಬರ್ರಿ, ಕುಂದರ್ರಿ” ಎಂದು ಚಹಾ ತರಿಸಿದರು.

“ನಾಳೆ ಬೆಳಿಗ್ಗೆ ಆರಕ್ಕೆ ಎತ್ತು ಬೇಕು ಯಜಮಾನ್ರೇ” ಎಂದರು ನಿರ್ದೇಶಕರು.

“ನಾಳೆಯಾ? ನಾಳೆ ಸೋಮವಾರ ಐತಲ್ರಿ! ಸೋಮವಾರ ಎತ್ತು ಹೂಡಂಗಿಲ್ಲ. ಬಸವಣ್ಣನ ವಾರ.”

ಕೊಳಗಲ್ಲಿನ ನಮ್ಮ ಸೋದರಮಾವನ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಟ್ಟದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಮಂಗಳವಾರ, ಶುಕ್ರವಾರ ಎಂದು ಅವೆರಡನ್ನೇ ಕಾಯುತ್ತಾ ಕುಳಿತ ನನ್ನ ಮಂಡೆಗೆ ಸೋಮವಾರ ಹೊಳೆದೇ ಇರಲಿಲ್ಲ.

“ಉಳೋದೇನೂ ಇಲ್ಲ, ಬರೀ ಶೂಟಿಂಗು. ಹತ್ತು ಹೆಜ್ಜೆ ನಡೆದರೆ ಸಾಕು” ಎಂದರು ನಿರ್ದೇಶಕರು.

“ನೊಗ ಹೆಗಲ ಮ್ಯಾಲೆ ಕುಂತ್ರ, ಇದು ಸಿನಿಮಾ ಅಂತ ಎತ್ತಿಗೆ ಗೊತ್ತಾಗತೈತೇನ್ರಿ?” ಎಂದು ಯಜಮಾನರು ನಕ್ಕರು. ನಂತರ ನನ್ನ ಕಡೆ ತಿರುಗಿದರು. “ನೀ ಬಳ್ಳಾರಿಯಾಕಿ ಅಂದಿಯಲ್ಲವಾ? ಅವರಿಗೆ ಗೊತ್ತಿಲ್ಲ ಬಿಡು. ನಿನಗೂ ಗೊತ್ತಿಲ್ಲೇನು? ಮಂಗಳವಾರ ಬರ್ರಿ, ಇಡೀ ದಿನ ಹೊಡ್ಕಳ್ರಿ.”

ಕಾರಿನಲ್ಲಿ ನಿರ್ದೇಶಕರು ಚಾರ್ಟಿನ ನಕಲನ್ನು ತೊಡೆಯ ಮೇಲೆ ಹರಡಿದರು. ಮಿಲ್ಲಿನವರಿಗೆ ಅಲ್ಲಿಂದಲೇ ಫೋನು ಮಾಡಿದರು; ಸೋಮವಾರವೇ ಬನ್ನಿ, ಅಡ್ಡಿಯಿಲ್ಲ ಎಂದರು ಅವರು. ನಿರ್ದೇಶಕರ ಮುಖ ಅರಳಿತು. “ಆಯ್ತಲ್ಲ, ಎರಡು ದಿನಾನೂ ಅದಲುಬದಲು ಮಾಡಿಬಿಡಿ. ಹೀರೋಯಿನ್ ಎರಡೂ ದಿನ ಇದ್ದಾಳೆ. ತಾತನೂ ಮಂಗಳವಾರ ಹೋಲ್ಡ್‌ನಲ್ಲಿ ಇದ್ದಾರೆ. ಒಳ್ಳೆ ಚಾರ್ಟು ಮಾಡಿದೀರ ಕಣ್ರೀ.”

ನಾನು ಬರೆದ ಒಂದಕ್ಷರ ನನ್ನನ್ನೇ ನುಂಗಲು ಬಂದಿತ್ತು. ಸುಮ್ಮನಿದ್ದರೆ ತಾತ ಡಯಾಲಿಸಿಸ್ ತಪ್ಪಿಸಿ ಬಂದು ಬಿಸಿಲಲ್ಲಿ ಎತ್ತಿನ ಹಿಂದೆ ನಡೆಯುತ್ತಾರೆ, ಅಲ್ಲೇ ಬಿದ್ದರೆ? ಹೇಳಿದರೆ ಕೊಟ್ಟ ಮಾತು ಹೋಯಿತು. ಕೋಳೂರು ಕ್ರಾಸ್ ದಾಟುವವರೆಗೂ ತಡೆದುಕೊಂಡೆ, ಆಮೇಲೆ ಎಲ್ಲವನ್ನೂ ಕಕ್ಕಿಬಿಟ್ಟೆ.

ನಿರ್ದೇಶಕರು ಚಾರ್ಟಿನ ನಕಲನ್ನು ಮಡಚಿದರು. “ನನಗೆ ಮೊದಲೇ ಹೇಳಬೇಕಿತ್ತು ನೀವು” ಎಂದರು. ಆಮೇಲೆ ಕೇಳಿದರು: “ಆಸ್ಪತ್ರೆ ದಿನ ಬದಲಾಯಿಸೋಕೆ ಆಗಲ್ವಾ?”

“ಇಲ್ಲ ಸಾರ್. ಅದು ತಪ್ಪಿಸೋ ಹಾಗೇ ಇಲ್ಲ” ಎಂದೆ. ದೊಡ್ಡ ಡಾಕ್ಟರಂತೆ ಹೇಳಿದೆ.

“ಇಷ್ಟು ದಿನ ಶೂಟ್ ಆಗಿದೆ, ಅವರನ್ನ ತೆಗೆಯಲ್ಲ. ಆದ್ರೆ ಈ ಸೀನು ಅವರಿಗೆ ಬೇಡ. ಅಪ್ಪನಿಗೆ ಹುಷಾರಿಲ್ಲ, ಮಗಳೇ ರಂಟೆ ಹಿಡೀತಾಳೆ. ಹಾಗೆ ಬರೆದುಕೊಳ್ಳೋಣ.”

ಲಾಡ್ಜಿಗೆ ಬಂದು ಹಳದಿ ಪಟ್ಟಿಯನ್ನು ಕಪ್ಪು ಪಟ್ಟಿಯ ಆಚೆಗೆ ಚುಚ್ಚಿದೆ. ಅದರ ಮೇಲೆ ನಟರ ನಂಬರು ಒಂದು, ಎರಡು ಎಂದಿತ್ತು. ಎರಡು ಎಂದರೆ ತಾತ. ವೈಟ್ನರ್ ಹಚ್ಚಿ ಅಳಿಸಿದೆ. ಅವರಿಗೆ ಫೋನು ಮಾಡಲು ಧೈರ್ಯ ಬರಲಿಲ್ಲ. ವಿಷಯ ಗೊತ್ತಾದರೆ ಪಾಳಿ ತಪ್ಪಿಸಿ ಬಂದೇ ಬರುತ್ತೇನೆಂದು ಹಟ ಮಾಡುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪ್ರೊಡಕ್ಷನ್ ಹುಡುಗರ ಕೈಯಲ್ಲಿ, “ನಾಳೆ ರಜೆ, ಸಂಜೆ ಬಂದು ಮಾತಾಡುತ್ತೇನೆ” ಎಂದಷ್ಟೇ ಹೇಳಿಸಿದೆ.

ಸೋಮವಾರ ಹಗಲೆಲ್ಲ ಸಿರುಗುಪ್ಪದ ಮಿಲ್ಲಿನ ತೌಡಿನ ಧೂಳಿನಲ್ಲಿ ನಿಂತು, ಅವರಿಗೆ ಹೇಗೆ ಹೇಳುವುದೆಂದು ಮಾತು ಜೋಡಿಸುತ್ತಿದ್ದೆ. ಸಂಜೆ ಆರೂವರೆಗೆ ಕೌಲ್ ಬಜಾರಿನ ಅವರ ಮನೆ ಮುಟ್ಟಿದೆ. ತಾತ ಹೊಸ ಧೋತರ ಉಟ್ಟು, ಕನ್ನಡಕ ಹಾಕಿಕೊಂಡು ಸೀನಿನ ಹಾಳೆ ಓದುತ್ತಾ ಕುಳಿತಿದ್ದರು. ನಾನು ನಿಂತೇ ಎಲ್ಲ ಹೇಳಿದೆ: ಎತ್ತು, ಸೋಮವಾರ, ಮಂಗಳವಾರ, ನಿರ್ದೇಶಕರಿಗೆ ನಾನು ಬಾಯಿಬಿಟ್ಟದ್ದು, ಸೀನು ಮಗಳಿಗೆ ಹೋದದ್ದು. ತಪ್ಪಾಯಿತು ತಾತಾ, ಮಾತು ಉಳಿಸಿಕೊಳ್ಳಲಿಲ್ಲ ಎಂದೆ. ಅಳು ಬಂತು.

ಅವರು ಕನ್ನಡಕ ತೆಗೆದರು. “ಡೈರೆಕ್ಟರಿಗೆ ಹೇಳಿದ್ದು ಒಳ್ಳೇದಾತು ಬಿಡು. ಅದಕ್ಯಾಕ ಅಳ್ತಿ?” ಎಂದವರು ಹಾಳೆಯನ್ನು ತೊಡೆಯ ಮೇಲಿಟ್ಟರು. “ಆದ್ರ ನನಗೊಂದು ಮಾತು ಕೇಳಬೇಕಿತ್ತಲ್ಲವಾ.”

“ಕೇಳಿದ್ರ ನೀವು ಡಯಾಲಿಸಿಸ್ ಬಿಟ್ಟು ಬರ್ತಿದ್ರಿ ತಾತಾ.”

“ಯಾಕ್ ಬಿಡ್ಲಿ? ನನಗೇನು ಜೀವ ಬ್ಯಾಡಾಗೈತೇನು? ಅಲ್ಲಿ ಸಿಸ್ಟರಿಗೆ ಒಂದು ಫೋನ್ ಹೊಡದ್ರ ಪಾಳಿ ಒಂದಿನ ಮುಂಚೆ ಹಾಕ್ತಾರ. ನನ್ನ ಮೊಮ್ಮಗಳ ಮದುವಿಗೆ ಹಂಗೇ ಮಾಡಿದ್ರು. ಇವತ್ತು ಮುಂಜಾನೆ ಅಲ್ಲಿ ಎರಡು ಬೆಡ್ ಖಾಲಿ ಇದ್ವಂತ, ನಮ್ಮ ಪಕ್ಕದ ಬೆಡ್ಡಿನಾವ ಈಗ ಫೋನ್ ಮಾಡಿದ್ದ.”

ನನ್ನ ಬ್ಯಾಗಿನಲ್ಲಿ ಚಾರ್ಟಿನ ನಕಲಿತ್ತು. ತೆಗೆದು ನೋಡುವ ಅಗತ್ಯವೇ ಇರಲಿಲ್ಲ. ಎರಡು ದಿನ ಅದಲುಬದಲಾದಾಗ ತಾತನ ಖಾಲಿ ಚೌಕವೂ ಮಂಗಳವಾರದಿಂದ ಸೋಮವಾರಕ್ಕೆ ಬಂದು ಕುಳಿತಿತ್ತು. ಚಾರ್ಟು ಮಾಡುವುದೇ ನನ್ನ ಕೆಲಸ, ನನಗದು ಕಾಣಲಿಲ್ಲ. ದಿನ ಬದಲಾದರೆ ಮೊದಲು ನಟರಿಗೆ ಫೋನು ಮಾಡಬೇಕು ಎಂಬುದು ಈ ಕೆಲಸದ ಮೊದಲ ಪಾಠ. ಬೆಂಗಳೂರಿನ ನಟಿಗೆ ನಾನು ಭಾನುವಾರವೇ ಎರಡು ಸಲ ಫೋನು ಮಾಡಿದ್ದೆ.

“ಈಗ ಕೇಳಲೇನು ತಾತಾ? ಈಗ ಹೋದ್ರ ಹಾಕ್ತಾರೇನು?” ಎಂದೆ.

ಅವರು ಗೋಡೆಯ ಗಡಿಯಾರ ನೋಡಿದರು. “ಆರಕ್ಕ ಮಷಿನ್ ಬಂದ್ ಮಾಡ್ತಾರ ತಾಯಿ.” ಹಾಳೆಯನ್ನು ನಾಲ್ಕಾಗಿ ಮಡಚಿ ನನ್ನ ಕೈಗಿತ್ತರು. “ಇದನ್ನ ಆ ಹುಡುಗಿಗೆ ಕೊಡು, ಆಕಿಗೆ ಬೇಕಾಗತೈತಿ. ರಂಟಿ ಹಿಡಿಕಿ ಐತೆಲ್ಲ, ಆ ಮೇಳಿ ಬಿಗಿಯಾಗಿ ಹಿಡೀಬ್ಯಾಡ, ಸಡ್ಲ ಹಿಡಿ ಅಂತ ಹೇಳು. ಮುಂಜಾನಿಂದ ನಾ ಅದನ್ನೇ ಪ್ರಾಕ್ಟೀಸ್ ಮಾಡಾಕತ್ತಿದ್ದೆ. ಇವತ್ತು ಇಡೀ ದಿನ ಖಾಲಿ ಇದ್ನೆಲ್ಲ.”