ತಾಟಿನಲ್ಲಿ ಉಳಿದ ರೊಟ್ಟಿ

ನನ್ನ ಗಂಡನಿಗೆ ಸಿಟ್ಟು ಬಂದರೆ ಅದು ಮೊದಲು ಬೀಳುತ್ತಿದ್ದುದು ಊಟದ ಮೇಲೆ. ತಾಟು ಸರಿಸಿ ಎದ್ದುಬಿಡುವುದು, ನಾನು ಹಿಂದೆ ಹೋಗಿ ರಮಿಸುವುದು, ಆಮೇಲೆ ದೊಡ್ಡ ಉಪಕಾರ ಮಾಡಿದವರಂತೆ ಬಂದು ಎರಡರ ಬದಲು ಮೂರು ರೊಟ್ಟಿ ತಿನ್ನುವುದು. ಹನ್ನೆರಡು ವರ್ಷ ಈ ನಾಟಕ ನೋಡಿ ನನಗೆ ಸಾಕುಸಾಕಾಗಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಅವರ ಮಾತು ಕೇಳದೆ ಧಾರವಾಡದ ಶಾಲೆಗೆ ವರ್ಗ ಮಾಡಿಸಿಕೊಂಡೆ. ಉಣಕಲ್ಲಿನ ಮನೆಯಿಂದ ದಿನಾ ಬಸ್ಸು. ಅದೇ ತಿಂಗಳು ಅವರ ತಾಟಿನಲ್ಲಿ ರೊಟ್ಟಿ ಉಳಿಯತೊಡಗಿತು.

"ಹಸಿವಿಲ್ಲ ನನಗ," ಎನ್ನುತ್ತಿದ್ದರು.

ನಾನು ನಂಬಲಿಲ್ಲ. ಈ ಸಲ ರಮಿಸುವವಳು ನಾನಲ್ಲ ಎಂದು ಹಟ ಹಿಡಿದೆ. ಅವರ ಕೆಮ್ಮನ್ನು ಧೂಳಿನ ಮೇಲೆ, ಸಂಜೆಯ ಮೈಬಿಸಿಯನ್ನು ದಣಿವಿನ ಮೇಲೆ ಹಾಕಿದೆ. ಎರಡು ತಿಂಗಳು ಹೀಗೇ ಹೋಯಿತು.

ಒಂದು ದಿನ ಒಗೆಯಲು ಪ್ಯಾಂಟು ತೆಗೆದರೆ, ಬೆಲ್ಟಿಗೆ ಮೊಳೆಯಿಂದ ಹೊಡೆದ ಮೂರು ಹೊಸ ತೂತು. ಸಿಟ್ಟಿನಿಂದ ಯಾರೂ ಇಷ್ಟು ಸೊರಗುವುದಿಲ್ಲ. ಅವತ್ತೇ ಅವರನ್ನು ದವಾಖಾನೆಗೆ ಕರೆದುಕೊಂಡು ಹೋದೆ.

ಕೇಶ್ವಾಪುರದ ಡಾಕ್ಟರು ಕಫ ಪರೀಕ್ಷೆ ಮಾಡಿಸಿ ಕ್ಷಯ ಎಂದರು. ಹೆದರಿಕೆಗೆ ನನ್ನ ಬಾಯಿಂದ ಬಂದದ್ದು ದೂರೇ.

"ಉಣ್ಣೂದು ಬಿಟ್ಟು ಬ್ಯಾನಿ ತಂದುಕೊಂಡಾರ್ರಿ. ನೀವರ ಬೈರಿ."

"ಬೈಸಿಕೊಳ್ಳೋರು ಅವರಲ್ರಿ ಅಕ್ಕೋರ," ಎಂದರು ಡಾಕ್ಟರು. "ಇವರಿಗೆ ಬ್ಯಾನಿ ಮೊದಲ ಬಂದೈತಿ. ಅದರ ಜೋಡಿ ಹೊಡದಾಡೂ ಮುಂದ ಮೈ ಒಂಥರಾ ರಾಸಾಯನಿಕ ಬಿಡತೈತಿ. ಅದರ ಸುದ್ದಿ ಮಿದುಳಿಗೆ ಮುಟ್ಟಿ, ಹಸಿವಿ ನೋಡಿಕೊಳ್ಳೂ ಜಾಗಾನ 'ಊಟ ಸಾಕು' ಅಂತ ಹೇಳತೈತಿ. ಮತ್ತ ಅವ ರಾಸಾಯನಿಕ ಮಾಂಸಖಂಡಾನೂ ಕರಗಸ್ತಾವ. ಬರೇ ತುರುಕಿದ್ರ ಮೈ ಬರೂದಿಲ್ಲ. ಸ್ವಲ್ಪಸ್ವಲ್ಪ ಕೊಡ್ರಿ, ಗುಳಿಗಿ ತಪ್ಪಸಬ್ಯಾಡ್ರಿ."

ಅಂದರೆ ಎರಡು ತಿಂಗಳು ಈ ಮನುಷ್ಯ ಖರೇ ಹೇಳಿದ್ದ. ಹಿಂದೆ ಅಷ್ಟೊಂದು ಸುಳ್ಳು ಮುನಿಸು ತೋರಿಸಿದ್ದಕ್ಕೆ ಅವರ ಮೇಲೆ ಸಿಟ್ಟು ಬಂತು, ನಂಬದ ನನ್ನ ಮೇಲೆ ಅದಕ್ಕಿಂತ ಹೆಚ್ಚು.

ತಿಳಿದ ಮೇಲಾದರೂ ಸುಮ್ಮನಿದ್ದೆನೇ? ಹಾಲು, ತುಪ್ಪ, ಶೇಂಗಾ ಉಂಡಿ ಎಂದು ಬೆನ್ನು ಹತ್ತಿದೆ. ಎರಡು ತುತ್ತಿಗೇ ಅವರಿಗೆ ಓಕರಿಕೆ.

"ತುರುಕಬ್ಯಾಡ ಅಂತ ಹೇಳ್ಯಾರಲ್ಲ! ನೀನ ಮಾತು ಕೇಳಂಗಿಲ್ಲ, ಸಾಲ್ಯಾಗ ಹುಡುಗರು ನಿನ್ನ ಮಾತು ಹೆಂಗ ಕೇಳತಾವ?" ಎಂದು ರೇಗಿದರು.

ಗುಳಿಗೆ ಶುರುವಾಗಿ ಕೆಲವು ವಾರಗಳಲ್ಲಿ ಸಂಜೆಯ ಜ್ವರ ನಿಂತಿತು. ತಿನ್ನುವ ರೊಟ್ಟಿ ಕಾಲು ಭಾಗದಿಂದ ಅರ್ಧಕ್ಕೆ ಬಂತು. ಬೆಲ್ಟು ಮಾತ್ರ ಇನ್ನೂ ಆ ಹೊಸ ತೂತಿಗೇ ನಿಲ್ಲುತ್ತಿತ್ತು.

ಆಮೇಲೊಂದು ಭಾನುವಾರ ಮಧ್ಯಾಹ್ನ ಬದನೆಕಾಯಿ ಪಲ್ಯಕ್ಕೆ ಉಪ್ಪು ಹಾಕಲು ಮರೆತೆ.

"ಧಾರವಾಡಕ್ಕ ಹೋಗೂ ಗಡಿಬಿಡಿ ರವಿವಾರನೂ ಬಿಡಂಗಿಲ್ಲೇನು? ನೀನ ತಿನ್ನು!" ತಾಟು ಸರಿಸಿ ದಡದಡನೆ ಎದ್ದು ಹೋದರು.

ರಮಿಸಲು ಎದ್ದವಳು ಬಾಗಿಲಲ್ಲೇ ನಿಂತೆ. ಹಸಿವೇ ಇಲ್ಲದವರಿಗೆ ಊಟದ ಮೇಲೆ ಮುನಿಯಲು ಬರುವುದಿಲ್ಲ. ಕಣ್ಣು ತುಂಬಿತು. ಹಿತ್ತಲಿಗೆ ಹೋಗಿ, ಒಣಗದ ಬಟ್ಟೆಗಳನ್ನೇ ಒಂದೊಂದಾಗಿ ತೆಗೆಯುತ್ತ ನಿಂತೆ. ಸ್ವಲ್ಪ ಹೊತ್ತಿಗೆ ಅಡಿಗೆಮನೆಯಲ್ಲಿ ರೊಟ್ಟಿ ಡಬ್ಬಿಯ ಮುಚ್ಚಳ ಮೆಲ್ಲಗೆ ತೆರೆದ ಸದ್ದಾಯಿತು. ಅವರು ತಿಂದು ಮುಗಿಸುವ ತನಕ ನಾನು ಒಳಗೆ ಹೋಗಲಿಲ್ಲ.