ಗಾಳಿ ತುಂಬಿದ ಕೋಣೆಯ ಬಾಡಿಗೆ

ಜುಲೈ 14, ಬೆಳಿಗ್ಗೆ 7.20. ಮುಂದಿನ ಕೋಣೆಯಲ್ಲಿ 41 ಮೂಟೆ.

ನನ್ನ ನೋಟ್‌ಬುಕ್ಕಿನ ಆ ದಿನದ ಪುಟದಲ್ಲಿ ಮೊದಲ ಸಾಲು ಇದು. ಮೂಟೆಗೆ ನೂರರಂತೆ ಖಾಲಿ ಪ್ಲಾಸ್ಟಿಕ್ ಡಬ್ಬಗಳು. ಬೆಂಗಳೂರಿನ ಇಟ್ಟಮಡುವಿನಲ್ಲಿ ನಮ್ಮ ದೊಡ್ಡಪ್ಪ ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ ಮಾಡಿಸಿ ಬನಶಂಕರಿ, ಜೆ.ಪಿ. ನಗರದ ಅಂಗಡಿಗಳಿಗೆ ಕೊಡುತ್ತಾರೆ. ಮನೆಯ ಹಿಂಭಾಗದಲ್ಲಿ ಒಲೆ, ನಡುವೆ ಪ್ಯಾಕಿಂಗ್, ರಸ್ತೆಯ ಕಡೆಗೆ ಶಟರ್ ಇರುವ ಈ ಕೋಣೆ. ಬಿ.ಕಾಂ. ಮುಗಿಸಿ ಬಂದ ಮೇಲೆ ಇಲ್ಲಿಯ ಲೆಕ್ಕ ನೋಡಿಕೊಳ್ಳುವ ಕೆಲಸ ನನ್ನದು. ಪ್ರತಿ ಸೋಮವಾರ ಮೂಟೆ ಎಣಿಸಲು ಯಾರೂ ಹೇಳಿರಲಿಲ್ಲ. ನಾನೇ ಶುರುಮಾಡಿದ್ದೆ.

ವರ್ಷಕ್ಕೆ ನಮಗೆ 36,000 ಡಬ್ಬ ಬೇಕು. ದೊಡ್ಡಪ್ಪ ಅದನ್ನು ನಾಲ್ಕು ಲೋಡಿನಲ್ಲಿ ತರಿಸುತ್ತಿದ್ದರು, ಒಂದು ಲೋಡಿಗೆ ತೊಂಬತ್ತು ಮೂಟೆ. ಹಾಗೆ ತಂದರೆ ಡಬ್ಬಕ್ಕೆ 8 ರೂಪಾಯಿ 20 ಪೈಸೆ, ಲಾರಿ ಬಾಡಿಗೆ ಡಬ್ಬದವರದೇ. ವಾರಕ್ಕೆ ಏಳು ಮೂಟೆಯಂತೆ ತಂದರೆ ಡಬ್ಬಕ್ಕೆ 9 ರೂಪಾಯಿ, ಗೂಡ್ಸ್ ಆಟೋ ಬಾಡಿಗೆ ನಮ್ಮದು. ಎರಡನೆಯದನ್ನು ದೊಡ್ಡಪ್ಪ ಯಾವತ್ತೂ ಯೋಚಿಸಿದವರಲ್ಲ. ಜಮೀನಿದ್ದ ಕಾಲದಲ್ಲಿ ಆ ಕೋಣೆಯ ಜಾಗ ದನದ ಕೊಟ್ಟಿಗೆಯಾಗಿತ್ತಂತೆ. ಅದರ ಒಂದು ಮೂಲೆಯಲ್ಲಿ ವರ್ಷಕ್ಕಾಗುವ ರಾಗಿ ಇಡುತ್ತಿದ್ದರಂತೆ. ಒಂದು ಸಲ ತುಂಬಿಸಿಟ್ಟರೆ ವರ್ಷವೆಲ್ಲ ನೆಮ್ಮದಿ ಎನ್ನುವುದು ಅವರಿಗೆ ಅಲ್ಲಿಂದ ಬಂದ ಅಭ್ಯಾಸ. ರಾಗಿ ಹೋಗಿ ಡಬ್ಬ ಬಂದಿತ್ತು, ಅಷ್ಟೇ.

ಅದೇ ದಿನ 11.10ಕ್ಕೆ ನಾಲ್ಕು ಮನೆ ಆಚೆ ಟೈಲರಿಂಗ್ ಅಂಗಡಿ ಇಟ್ಟಿದ್ದ ಅಕ್ಕ ಬಂದರು. ಅವರಿದ್ದ ಕಟ್ಟಡವನ್ನು ಕೆಡವುತ್ತಿದ್ದರು. ಆಗಸ್ಟ್ ಕೊನೆಯೊಳಗೆ ಖಾಲಿ ಮಾಡಬೇಕು. ಎರಡು ಮಿಷನ್, ಒಂದು ಕಟಿಂಗ್ ಟೇಬಲ್, ಹತ್ತಿಪ್ಪತ್ತು ಮನೆಗಳ ಗಿರಾಕಿ. ದೂರ ಹೋದರೆ ಗಿರಾಕಿ ಹೋಗುತ್ತಾರೆ. ಈಗ ತಿಂಗಳಿಗೆ ಕೊಡುತ್ತಿರುವ 4,500 ರೂಪಾಯಿಯನ್ನೇ ನಮಗೂ ಕೊಡುವುದಾಗಿ ಹೇಳಿದರು.

"ಅದ್ರಲ್ಲಿ ಡಬ್ಬ ಇದಾವಮ್ಮ," ಎಂದರು ದೊಡ್ಡಪ್ಪ.

"ಡಬ್ಬದೊಳಗೆ ಏನಿದೆ ಸಾರ್?"

"ಏನಿಲ್ಲ. ಬರೀ ಡಬ್ಬ."

"ಹಂಗಾದ್ರೆ ಗಾಳಿಗೆ ಕೊಟ್ಟಿದೀರ ರೂಮು. ಅದೇನು ಬಾಡಿಗೆ ಕೊಡುತ್ತಾ?"

ದೊಡ್ಡಪ್ಪ ನಕ್ಕರು. ಆದರೆ ಆಗಲಿ ಎನ್ನಲಿಲ್ಲ. ಆಗಸ್ಟ್ ಕೊನೆಗೆ ಮುಂದಿನ ಲೋಡು ಬರಬೇಕಿತ್ತು. ಅದಕ್ಕೆ ಮೊದಲು ಹೇಳುತ್ತೇನೆ ಎಂದು ಕಳಿಸಿದರು. ಅಕ್ಕ ಹೋಗುವಾಗ ಶಟರಿನ ಅಗಲವನ್ನು ಟೇಪಿನಿಂದ ಅಳೆದುಕೊಂಡು ಹೋದರು.

ಜುಲೈ 16ರ ಸಂಜೆ ನಾನು ಎರಡೂ ಕ್ರಮಗಳನ್ನು ಒಂದೇ ಹಾಳೆಯ ಎರಡು ಬದಿಯಲ್ಲಿ ಬರೆದೆ. ಲೋಡಿನ ಬದಿಯಲ್ಲಿ ಡಬ್ಬದ ಬೆಲೆ 2,95,200. ಇಳಿಸುವವರ ಕೂಲಿ ನಾಲ್ಕು ಸಲಕ್ಕೆ 3,200. ಮೂರು ತಿಂಗಳು ನಿಂತ ಡಬ್ಬದ ಮೇಲೆ ಧೂಳು ಕೂರುವುದರಿಂದ ಒರೆಸಲೆಂದೇ ತಿಂಗಳಿಗೆ ಎರಡು ದಿನ ಒಬ್ಬರನ್ನು ಕರೆಯುತ್ತೇವೆ, ಅದು 12,000. ಕೆಳಗಿನ ಮೂಟೆಗಳ ಮೇಲೆ ಭಾರ ಬಿದ್ದು ಒಟ್ಟಾರೆ ನೂರಕ್ಕೆ ಎರಡು ಡಬ್ಬ ನೆಗ್ಗುತ್ತವೆ, 5,904. ಸರಾಸರಿ ನಲವತ್ತೈದು ಮೂಟೆಯ ದುಡ್ಡು ಸದಾ ಅಲ್ಲಿ ಕಟ್ಟಿಬಿದ್ದಿರುತ್ತದೆ. ಬ್ಯಾಂಕಿಗೆ ನಾವು ಕೊಡುವ ನೂರಕ್ಕೆ ಹನ್ನೆರಡರ ಬಡ್ಡಿಯಲ್ಲಿ ಅದು 4,428. ಒಟ್ಟು 3,20,732.

ವಾರದ ಬದಿಯಲ್ಲಿ ಡಬ್ಬದ ಬೆಲೆ 3,24,000. ಐವತ್ತೆರಡು ಸಲ ಆಟೋಗೆ 350ರಂತೆ 18,200. ಏಳು ಮೂಟೆ ಇಳಿಸಲು ಹೊರಗಿನವರು ಬೇಡ. ಧೂಳು ಕೂರುವಷ್ಟು ದಿನ ಅವು ಇರುವುದಿಲ್ಲ. ಪ್ಯಾಕಿಂಗ್ ಜಾಗದ ಗೋಡೆಗೇ ಒರಗಿಸಿಟ್ಟರೆ ಸಾಕು. ಸರಾಸರಿ ಮೂರೂವರೆ ಮೂಟೆಯ ಬಡ್ಡಿ 378. ಒಟ್ಟು 3,42,578.

ಲೋಡು ತರಿಸುವುದೇ 21,846 ಅಗ್ಗ. ಹಾಳೆಯನ್ನು ದೊಡ್ಡಪ್ಪನಿಗೆ ತೋರಿಸಿದೆ. ಅವರಿಗೆ ಸಮಾಧಾನವಾಯಿತು.

"ನೋಡಿದ್ಯಾ? ನಾನು ಓದಿಲ್ದೆ ಮಾಡಿದ್ನ ನೀನು ಓದಿ ಮಾಡಿದೀಯ. ಆ ಟೈಲರಮ್ಮಂಗೆ ಆಗಲ್ಲ ಅಂತ ಹೇಳ್ಬಿಡು."

ಹೇಳಲು ಹೊರಟವಳು ಗೇಟಿನ ಹತ್ತಿರ ನಿಂತೆ. ನಾನು ಬೇಡವೆನ್ನಲು ಹೊರಟದ್ದು ತಿಂಗಳಿಗೆ 4,500 ರೂಪಾಯಿಯನ್ನು. ಆ 4,500 ನನ್ನ ಹಾಳೆಯ ಯಾವ ಬದಿಯಲ್ಲೂ ಇರಲಿಲ್ಲ. ಒಳಗೆ ಬಂದು ಲೋಡಿನ ಬದಿಗೆ ಕೋಣೆಯ ವರ್ಷದ ಬಾಡಿಗೆ 54,000 ಸೇರಿಸಿದೆ. ಒಟ್ಟು 3,74,732 ಆಯಿತು. ಈಗ ವಾರಕ್ಕೊಮ್ಮೆ ತರಿಸುವುದು 32,154 ಅಗ್ಗ.

"ನಮ್ಮನೆ ರೂಮಿಗೆ ನಾವೇ ಬಾಡಿಗೆ ಕೊಡೋದಾ?" ಎಂದರು ದೊಡ್ಡಪ್ಪ. "ಯಾರಿಗೆ ಕೊಡ್ಬೇಕು? ನಿಮ್ಮ ದೊಡ್ಡಮ್ಮಂಗಾ?"

"ಕೊಡೋದಲ್ಲ ದೊಡ್ಡಪ್ಪ. ಬರೋದನ್ನ ಬಿಡೋದು."

"ಮೊನ್ನೆವರೆಗೂ ಬರ್ತಿರ್ಲಿಲ್ವಲ್ಲ."

"ಮೊನ್ನೆವರೆಗೂ ಕೇಳೋರು ಯಾರೂ ಬಂದಿರ್ಲಿಲ್ಲ."

ಅವರ ಮಾತಿನಲ್ಲೂ ಅರ್ಥವಿತ್ತು ಎಂದು ಆ ರಾತ್ರಿಯೇ ಬರೆದುಕೊಂಡಿದ್ದೇನೆ. ಯಾರೂ ಕೇಳದ ಕೋಣೆಗೆ ಬಾಡಿಗೆ ಹಾಕಿದರೆ ಅದು ಹಾಳೆಯ ಮೇಲಿನ ದುಡ್ಡು ಮಾತ್ರ. ಅಕ್ಕ ಟೇಪು ಹಿಡಿದು ಬಂದದ್ದರಿಂದ ಅದು ನಿಜವಾದ ಬಾಡಿಗೆಯಾಯಿತು. ಐದನೇ ದಿನ ದೊಡ್ಡಪ್ಪ ಡಬ್ಬದವರಿಗೆ ಫೋನ್ ಮಾಡಿ ಲೋಡು ಬೇಡ, ವಾರ ವಾರ ಕಳಿಸಿ ಎಂದರು. ನನ್ನ ಕಡೆ ನೋಡದೆ, "ನಮ್ ಕೆಲ್ಸಕ್ಕೆ ಅಡ್ಡಿ ಆದ್ರೆ ರೂಮು ವಾಪಸ್ ತಗೊಂಡುಬಿಡೋದು. ಅವ್ರಿಗೂ ಹೇಳಿರು," ಎಂದರು. ಹೇಳಿದೆ. ಅಕ್ಕ ಒಪ್ಪಿದರು. ಅವರಿಗೆ ಬೇರೆ ದಾರಿ ಇದ್ದಂತೆ ಕಾಣಲಿಲ್ಲ.

ಆಗಸ್ಟ್ 31, ಬೆಳಿಗ್ಗೆ 9. ಕೋಣೆಯಲ್ಲಿ 0 ಮೂಟೆ, 2 ಮಿಷನ್.

ಮೊದಲ ಎರಡು ವಾರ ಬರೆಯುವಂಥದ್ದೇನೂ ಆಗಲಿಲ್ಲ. ಗುರುವಾರ ಬೆಳಿಗ್ಗೆ ಆಟೋ ಬರುತ್ತಿತ್ತು, ಏಳು ಮೂಟೆ ಇಳಿಯುತ್ತಿತ್ತು, ಬುಧವಾರ ಸಂಜೆಗೆ ಅರ್ಧ ಮೂಟೆ ಉಳಿಯುತ್ತಿತ್ತು. ಗೌರಿ ಹಬ್ಬದ ವಾರವೂ ಆಟೋ ಗುರುವಾರವೇ ಬಂತು, ಏಳು ಮೂಟೆಯೇ ಬಂತು. ಸೋಮವಾರ ಮಧ್ಯಾಹ್ನ 2.30ಕ್ಕೆ ಪ್ಯಾಕಿಂಗ್ ನೋಡಿಕೊಳ್ಳುವ ಹಿರಿಯ ಹೆಂಗಸು ಕೊನೆಯ ಮೂಟೆಯ ಚೀಲವನ್ನು ಕೊಡವಿ ತೋರಿಸಿದರು.

"ಡಬ್ಬ ಆಯ್ತು ಕಣಮ್ಮ. ಒಲೆ ಮೇಲೆ ಇನ್ನೂ ಇದೆ."

ನಾವು ಕರಿದ ಚಕ್ಕುಲಿ ಆರಿದ ಕೂಡಲೇ ಡಬ್ಬಕ್ಕೆ ಹೋಗಬೇಕು. ತೆರೆದಿಟ್ಟರೆ ಗಾಳಿಯ ತೇವ ಎಳೆದುಕೊಂಡು ಮೆತ್ತಗಾಗುತ್ತದೆ. ಆ ದಿನ ಬೇರೆ ಮೋಡ. ಡಬ್ಬದವರಿಗೆ ಫೋನ್ ಮಾಡಿದೆ. ಹಬ್ಬದ ಮಾಲು ಎಲ್ಲ ಹೊರಟು ಹೋಗಿದೆ, ಮೊದಲೇ ಹೇಳಿದ್ದರೆ ಎತ್ತಿಡುತ್ತಿದ್ದೆವು, ನಾಳೆ ಹನ್ನೊಂದಕ್ಕೆ ಕೊಡುತ್ತೇವೆ ಎಂದರು. ತಪ್ಪು ಅವರದಲ್ಲ. ಮನೆಯ ಸ್ಟೀಲ್ ಡ್ರಮ್ಮು, ಹಿಟ್ಟಿನ ಡಬ್ಬ, ದೊಡ್ಡಮ್ಮನ ಅಕ್ಕಿಯ ಡಬ್ಬ ಎಲ್ಲದಕ್ಕೂ ತುಂಬಿಸಿದೆವು. ಉಳಿದದ್ದನ್ನು ಬಟ್ಟೆ ಮುಚ್ಚಿ ಇಟ್ಟೆವು. ಬೆಳಿಗ್ಗೆ ಮುರಿದು ನೋಡಿದರೆ ಸದ್ದಾಗಲಿಲ್ಲ. ಎರಡು ಅಂಗಡಿಯ ಆರ್ಡರ್ ತಪ್ಪಿತು. ಮೆತ್ತಗಾದದ್ದನ್ನು ಕಡಿಮೆ ಬೆಲೆಗೆ ಬಿಡಿಯಾಗಿ ಮಾರಿದೆವು. ಒಟ್ಟು ನಷ್ಟ 4,600.

ದೊಡ್ಡಪ್ಪ ನನ್ನ ಹಾಳೆಯನ್ನು ಕೇಳಿ ತರಿಸಿಕೊಂಡರು. ಬಹಳ ಹೊತ್ತು ನೋಡಿದರು.

"ಈ ವಾರಕ್ಕೆ ಏಳು ಮೂಟೆ ಅನ್ನೋದು ಎಲ್ಲಿಂದ ಬಂತು?"

"ಮೂವತ್ತಾರು ಸಾವಿರನ ಐವತ್ತೆರಡರಿಂದ ಭಾಗಿಸ್ದೆ."

"ಹಬ್ಬನೂ ಸೇರಿಸಿ ಭಾಗಿಸ್ದ್ಯಾ?"

ನನ್ನ ಹಳೆಯ ನೋಟ್‌ಬುಕ್ಕಿನಲ್ಲೇ ಕಳೆದ ವರ್ಷದ ಅದೇ ವಾರಕ್ಕೆ ಹನ್ನೊಂದು ಮೂಟೆ ಖರ್ಚಾದದ್ದು ಬರೆದಿತ್ತು. ಪ್ರತಿ ಸೋಮವಾರ ಎಣಿಸಿ, ಎಣಿಸಿದ್ದನ್ನು ನೋಡದೆ ಸರಾಸರಿ ಹಿಡಿದಿದ್ದೆ. ಕೋಣೆ ತುಂಬ ಮೂಟೆ ಇದ್ದಾಗ ಆ ವ್ಯತ್ಯಾಸ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಲ್ಲಿ ನಿಂತಿದ್ದ ಮೂಟೆಗಳು ಸುಮ್ಮನೆ ನಿಂತಿರಲಿಲ್ಲ.

"ರೂಮು ಇದ್ದಿದ್ರೆ ಇದಾಗ್ತಿತ್ತಾ?" ಎಂದು ಹೇಳಿ ದೊಡ್ಡಪ್ಪ ಎದ್ದು ಮುಂದಿನ ಕೋಣೆಗೆ ಹೋದರು. ನಾನೂ ಹಿಂದೆಯೇ ಹೋದೆ.

ಅಕ್ಕನಿಗೆ ವಿಷಯ ತಿಳಿದಿತ್ತು. ಹಿಂದಿನ ದಿನ ಅವರೂ ಹಿಟ್ಟಿನ ಡಬ್ಬ ತೊಳೆದು ಒರೆಸಿಕೊಟ್ಟಿದ್ದರು. ಮಿಷನ್ ನಿಲ್ಲಿಸಿ ಎದ್ದು ನಿಂತರು. ಹಬ್ಬದ ಬ್ಲೌಸುಗಳು ಹಗ್ಗದ ಮೇಲೆ ಸಾಲಾಗಿ ನೇತಾಡುತ್ತಿದ್ದವು.

"ಖಾಲಿ ಮಾಡ್ಬೇಕಾ ಸಾರ್?"

ನಾನು ಹಾಳೆಯ ಹಿಂದೆ ಆಗಲೇ ಬರೆದದ್ದನ್ನು ಓದಿದೆ. ಇನ್ನೂ ಏಳು ಮೂಟೆ ಸದಾ ಕೈಯಲ್ಲಿದ್ದರೆ ಸಾಮಾನ್ಯ ಹಬ್ಬ ದಾಟುತ್ತದೆ. ಅದರ ಬಡ್ಡಿ ವರ್ಷಕ್ಕೆ 756. ಈ ವರ್ಷದ ನಷ್ಟ 4,600 ಕಳೆದರೂ ವಾರದ ಕ್ರಮದಲ್ಲಿ 26,798 ಉಳಿಯುತ್ತದೆ.

"ಆ ಏಳು ಮೂಟೆ ಎಲ್ಲಿಡ್ತೀಯ? ನಿನ್ನ ತಲೆ ಮೇಲಾ?" ಎಂದರು ದೊಡ್ಡಪ್ಪ. ಪ್ಯಾಕಿಂಗ್ ಜಾಗದಲ್ಲಿ ಹದಿನಾಲ್ಕು ಮೂಟೆ ಹಿಡಿಯುವುದಿಲ್ಲ, ಅದು ನಿಜ.

ಅಕ್ಕ ಮೇಲೆ ನೋಡಿದರು. ಕೊಟ್ಟಿಗೆ ಇದ್ದ ಕಾಲದ ಮರದ ಅಟ್ಟ ಇನ್ನೂ ಹಾಗೇ ಇದೆ, ಕೋಣೆಯ ಹಿಂದಿನ ಅರ್ಧಕ್ಕೆ.

"ಅಟ್ಟ ಖಾಲಿ ಇದೆ ಸಾರ್. ನಂಗೆ ಅದು ಬೇಡ. ಡಬ್ಬಕ್ಕೇನು ಭಾರನಾ, ಇಟ್ಕೊಳಿ."

"ಅದೂ ಸರಿನೇ," ಎಂದರು ದೊಡ್ಡಪ್ಪ.

"ಆದ್ರೆ ಬಾಡಿಗೆ ಎಷ್ಟು ಕೊಡ್ತೀರ?"

"ಯಾವುದಕ್ಕೆ?"

"ಅಟ್ಟಕ್ಕೆ. ರೂಮು ನಂಗೆ ಬಾಡಿಗೆಗೆ ಕೊಟ್ಟಿದೀರಲ್ಲ."

ಪ್ಯಾಕಿಂಗ್ ಕಡೆಯಿಂದ ಯಾರೋ ಕಿಸಕ್ಕೆಂದರು. ದೊಡ್ಡಪ್ಪ ನನ್ನನ್ನು ನೋಡಿದರು. ನಾನು ಹಾಳೆ ನೋಡಿದೆ.

"ನೀನೇ ಹೇಳ್ಕೊಟ್ಟಿದ್ದಾ ಇದನ್ನ?"

"ಇಲ್ಲ ದೊಡ್ಡಪ್ಪ."

"ಇನ್ನೂರು," ಎಂದರು ಕೊನೆಗೆ, ಅಕ್ಕನ ಕಡೆ ತಿರುಗಿ. "ತಿಂಗಳಿಗೆ ಇನ್ನೂರು ಹಿಡ್ಕೊಂಡು ಕೊಡಮ್ಮ. ನಮ್ಮನೆ ಅಟ್ಟಕ್ಕೆ ನಾನೇ ಬಾಡಿಗೆ."

ಅಕ್ಕ ಕೂತು ಮಿಷನ್ ತುಳಿಯತೊಡಗಿದರು.

ಅಟ್ಟದ ಬಾಡಿಗೆ ವರ್ಷಕ್ಕೆ 2,400. ಹಾಗಾಗಿ ಈ ವರ್ಷದ ಉಳಿತಾಯವನ್ನು 24,398 ಎಂದು ತಿದ್ದಿದೆ. ದೀಪಾವಳಿಗೆ ಮಾತ್ರ ಸರಾಸರಿ ಹಿಡಿಯಲಿಲ್ಲ. ಕಳೆದ ವರ್ಷದ ಪುಟ ತೆರೆದು ಹದಿಮೂರು ಮೂಟೆಗೆ ಹದಿನೈದು ದಿನ ಮೊದಲೇ ಹೇಳಿಟ್ಟೆ. ಹದಿಮೂರೂ ಒಂದೇ ಸಲ ಬಂತು, ಪ್ಯಾಕಿಂಗ್ ಜಾಗದಲ್ಲಿ ಹಿಡಿಯದ್ದು ಅಟ್ಟಕ್ಕೇರಿತು, ಹನ್ನೆರಡು ಖರ್ಚಾಯಿತು. ಅಟ್ಟದಲ್ಲಿ ಮೊದಲೇ ಇದ್ದ ಏಳನ್ನು ಮುಟ್ಟಲಿಲ್ಲ. ಆಮೇಲಿನ ಸೋಮವಾರ ಬೆಳಿಗ್ಗೆ 7.20ಕ್ಕೆ ಎಣಿಸಲು ಏಣಿ ಇಟ್ಟಾಗ ಅಕ್ಕ ಕಟಿಂಗ್ ಟೇಬಲ್ ಸ್ವಲ್ಪ ಪಕ್ಕಕ್ಕೆ ಸರಿಸಿಕೊಟ್ಟರು. ಈಗ ಅದು ಪ್ರತಿ ಸೋಮವಾರದ ಕೆಲಸ.

ಎರಡು ಸಂಗತಿ ನನಗೆ ಇನ್ನೂ ಬಗೆಹರಿದಿಲ್ಲ. ಕೈಯಲ್ಲಿ ಇಟ್ಟುಕೊಳ್ಳಬೇಕಾದ ಮೂಟೆ ಏಳೇ ಏಕೆ, ಐದೇಕಲ್ಲ, ಹತ್ತೇಕಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಲೆಕ್ಕವಿಲ್ಲ. ಅಂದಾಜು ಮಾತ್ರ ಇದೆ. ಮತ್ತೆ, ಅಕ್ಕ ಮುಂದೆ ಎಂದಾದರೂ ಬಿಟ್ಟು ಹೋಗಿ ಕೋಣೆ ಮೂರು ತಿಂಗಳು ಖಾಲಿ ಬಿದ್ದರೆ, ಆ ತಿಂಗಳುಗಳಿಗೂ 4,500 ಹಾಕಬೇಕೋ ಸೊನ್ನೆ ಹಾಕಬೇಕೋ ತಿಳಿಯದು. ಇಂಥ ಸಣ್ಣ ಕೆಲಸ ನಡೆಸಿ ಇದನ್ನು ಲೆಕ್ಕಹಾಕಿ ನೋಡಿದವರು ಯಾರಾದರೂ ಇದ್ದರೆ ಬರೆದು ತಿಳಿಸಿ. ಹಬ್ಬದ ವಾರಗಳನ್ನು ಬೇರೆಯಾಗಿ ಬರೆದರೆ ಇನ್ನೂ ಉಪಕಾರ.