ಎತ್ತಿನ ಸೋಮವಾರ, ಸಾಹೇಬನ ತಾರೀಖು

ಶಹಾಬಾದಿನಲ್ಲಿ ನಮ್ಮಣ್ಣನದೊಂದು ಸಣ್ಣ ಕಾರಖಾನೆ. ಅಲ್ಲಿ ಕಲ್ಲು ಕೊಯ್ದು ನುಣುಪು ಮಾಡುತ್ತಿದ್ದರು. ಕಲ್ಲಿನ ಉಸಾಬರಿ ಅವನದು, ಇಂಗ್ಲಿಷಿನದು ನನ್ನದು. ಗುಲಬರ್ಗಾದಲ್ಲಿ ಮೆಟ್ರಿಕ್ ಮುಗಿಸಿ ಬಂದಿದ್ದ ನನಗೆ ಆಗ ಭಾಳ ಮಿಜಾಸು.

ಕೊಲಂಬೊದ ಗೋರಾ ಸಾಹೇಬನೊಬ್ಬ ನೆಲಕ್ಕೆ ಹಾಸುವ ಕಲ್ಲು ಕೇಳಿದ್ದ. ಹಣದ ಏರ್ಪಾಡು ಮುಂಬಯಿ ಬ್ಯಾಂಕಿನ ಕ್ರೆಡಿಟ್ ಪತ್ರದ ಮೇಲೆ. ಗೊತ್ತಾದ ತಾರೀಖಿನೊಳಗೆ ಮಾಲು ಹಡಗು ಹತ್ತಿ, ಅದರ ಕಾಗದ ಬ್ಯಾಂಕಿಗೆ ಮುಟ್ಟಿದರೆ ಹಣ, ಇಲ್ಲದಿದ್ದರೆ ಬರಿಗೈ.

ನಮಗೆ ವ್ಯಾಗನ್ ಸಿಕ್ಕಿದ್ದು ಸೋಮವಾರ. ಅದು ಬಸವಣ್ಣನ ವಾರ, ಎತ್ತು ಹೂಡುವಂತಿಲ್ಲ. ಕಾರಖಾನೆಯಿಂದ ಸ್ಟೇಶನ್ನಿಗೆ ಕಲ್ಲು ಹೋಗುವುದೇ ಎತ್ತಿನ ಬಂಡಿಯಲ್ಲಿ. ಸಂಜೆಯವರೆಗೆ ಕಾದ ಸ್ಟೇಶನ್ ಮಾಸ್ತರರು ವ್ಯಾಗನ್ನನ್ನು ಬೇರೆಯವರಿಗೆ ಕೊಟ್ಟರು. ಹಡಗು ತಪ್ಪಿತು. ಮುಂದಿನ ಹಡಗು ಗಡುವು ದಾಟಿದ ಮೇಲೆ. ಸಾಹೇಬ ಗಡುವು ಮುಂದೂಡದಿದ್ದರೆ ಕಾರಖಾನೆಗೆ ಬೀಗವೇ ಗತಿ. ಅವನ ಅಳತೆಗೆ ಕೊಯ್ದ ಕಲ್ಲನ್ನು ಇನ್ಯಾರು ಕೊಂಡಾರು?

ಕಾಗದ ಬರೆಯಲು ಕೂತೆ. ಕ್ರೆಡಿಟ್ ಪತ್ರದ ನಂಬರು, ಹಳೆಯ ತಾರೀಖು, ಬೇಕಾದ ಹೊಸ ತಾರೀಖು, ಮುಂದಿನ ಹಡಗಿನ ಹೆಸರು ಎಲ್ಲ ಬರೆದು, ಗಡುವು ಮುಂದೂಡಲು ತಮ್ಮ ಬ್ಯಾಂಕಿಗೆ ತಿಳಿಸಬೇಕೆಂದು ಬೇಡಿಕೊಂಡೆ. ತಡವಾದದ್ದು ಮಾತ್ರ 'ಅನಿವಾರ್ಯ ಅಡಚಣೆಗಳಿಂದ' ಎಂದು ಠೀವಿಯಿಂದ ತೇಲಿಸಿಬಿಟ್ಟೆ. ಅಣ್ಣ ಅರ್ಥ ಕೇಳಿದ. ಹೇಳಿದೆ. ಅವನ ಮೀಸೆ ಕುಣಿಯತೊಡಗಿತು.

"ನನ್ನ ಎತ್ತಿಗಿ ಅಡಚಣಿ ಅಂತ ಕರೀತೀಯೇನು? ಸೋಮವಾರ ಎತ್ತಿಗಿ ಸೂಟಿ ಅಂತ ಬರಿ."

"ಸಾಹೇಬ ನಗ್ತಾನ, ಅಣ್ಣಾ."

"ನಗಲಿ. ಅಂವಗ ಐತವಾರ ಇಲ್ಲೇನು?"

ಇಂಗ್ಲಿಷಿನ ಮಾನ ಹೋಯಿತಲ್ಲ ಎಂದು ಹಲ್ಲು ಕಚ್ಚಿ ಬರೆದು, ಟಪಾಲಿಗೆ ಹಾಕಿದೆ. ಆಮೇಲೆ ದಿನವೂ ಟಪಾಲಿನವನ ದಾರಿ ಕಾದೆ. ಎತ್ತಿನ ಸೂಟಿ ಓದಿ ಯಾವ ಸಾಹೇಬ ಕರಗುತ್ತಾನೆ?

ತಂತಿ ಬಂತು: ಗಡುವು ಮುಂದೂಡಲಾಗಿದೆ. ಹಿಂದೆಯೇ ಕಾಗದ: 'ನಮಗೆ ಭಾನುವಾರ, ನಿಮ್ಮ ಎತ್ತುಗಳಿಗೆ ಸೋಮವಾರ. ಒಪ್ಪಿದೆ. ಆದರೆ ಇದೊಂದೇ ಸಲ.' ಅಣ್ಣ ಅದನ್ನು ನನ್ನಿಂದ ಓದಿಸಿ, ಕೊಟ್ಟಿಗೆಗೆ ಹೋಗಿ ಎತ್ತುಗಳಿಗೂ ಹೇಳಿ ಬಂದ.

ಮುಂದಿನ ವ್ಯಾಗನ್ ಬಂತು. ಅದೂ ಸೋಮವಾರ!

ನಾನು ಹಣೆ ಚಚ್ಚಿಕೊಂಡೆ. ಅಣ್ಣ ಮಾತ್ರ ರುಮಾಲು ಬಿಗಿದು, ಬಂಡಿಯ ನೊಗಕ್ಕೆ ತಾನೇ ಹೆಗಲು ಕೊಟ್ಟ. ಆಳುಗಳು ಹಿಂದಿನಿಂದ ನೂಕಲು ನಿಂತರು.

"ಹ್ವಾದ ಸಲ ಈ ಬುದ್ಧಿ ಎಲ್ಲಿತ್ತು?" ಎಂದು ರೇಗಿದೆ.

"ಹ್ವಾದ ಸಲ ಅದು ಬರೇ ತಾರೀಖು. ಈಗ ಅಂವ ನಮ್ಮ ಎತ್ತಿನ ಮಾನ ಉಳಿಸ್ಯಾನ. ಅವನ ಮಾತು ನಾವು ಉಳಿಸಬ್ಯಾಡೇನು? ಆ ಕಡಿ ನೊಗ ಹಿಡಿ."

ಹಿಡಿದೆ. ಎತ್ತುಗಳು ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತ ನಮ್ಮನ್ನೇ ನೋಡುತ್ತಿದ್ದವು. ಹೊತ್ತು ಮುಳುಗುವುದರೊಳಗೆ ಕೊನೆಯ ಕಲ್ಲೂ ವ್ಯಾಗನ್ ಸೇರಿತು. ನನ್ನ ಮೆಟ್ರಿಕ್ ಮಿಜಾಸು ಮೊದಲನೆಯ ಬಂಡಿಗೇ ಇಳಿದುಹೋಗಿತ್ತು.